ಬೋರ್ಡ್ ಐತಿ, ಅಂಗಡಿಗೆ ಕೀಲಿ

ಈ ಸಲ ದೀಪಾವಳಿ ರಜೆಯಲ್ಲಿ ನಾನು ಒಂದು ಉದ್ದದ ಇಮೇಲ್ ಬರೆದೆ, ಪೂರ್ತಿ ಕನ್ನಡದಲ್ಲಿ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅದು ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ಗಿಂತ ಕಷ್ಟದ ಕೆಲಸ ಆಯ್ತು.

ಗೋಕಾಕದಲ್ಲಿ ನಮ್ಮ ಓಣಿಯ ಕಾಕಾ ಒಬ್ಬರದು ಕರದಂಟಿನ ಅಂಗಡಿ. ಮೂಡಲಗಿಯಲ್ಲಿ ಇನ್ನೊಂದು ಅಂಗಡಿ ಇದೆ, ಅದನ್ನು ಅವರ ತಮ್ಮ ನೋಡ್ಕೋತಾರೆ. ಮೂರು ವರ್ಷದ ಹಿಂದೆ ಹುಕ್ಕೇರಿಯ ಒಬ್ಬ ಹುಡುಗ ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಆಗ ಅವನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದ, ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅಕ್ಟೋಬರ್ 12ಕ್ಕೆ ಬೆಂಗಳೂರಿನ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ, "ನಿಮ್ಮ ಸೈಟ್ ತೆರೀತಿಲ್ಲ, ಮೇಲ್ ಹಾಕಿದ್ರೆ ವಾಪಸ್ ಬರ್ತಿದೆ" ಅಂದರು. ಹಬ್ಬದ ಆರ್ಡರ್ ಬರೋ ವಾರ ಅದು. ಅಣ್ಣ ತಮ್ಮ ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದುಬಿಟ್ಟರು: "ಆ ಹುಕ್ಕೇರಿ ಹುಡುಗ ರೊಕ್ಕ ತುಂಬೇನಿ ಅಂತ ಹೇಳಿ ತಾನ ಇಟ್ಕೊಂಡಾನ."

ನನ್ನನ್ನು ಕರೆಸಿದರು. ಬ್ರೌಸರ್‌ನಲ್ಲಿ ತೆರೆದರೆ ಖಾತೆ ತಡೆಹಿಡಿಯಲಾಗಿದೆ ಅನ್ನೋ ಪುಟ. ಲ್ಯಾಪ್‌ಟಾಪ್‌ನಲ್ಲಿ ಕೇಳಿದಾಗ ಬಂದ ಉತ್ತರ ಇದು (ಅಂಗಡಿಯ ಹೆಸರಿನ ಜಾಗದಲ್ಲಿ ಬೇರೆ ಹೆಸರು ಹಾಕಿದ್ದೇನೆ):

```
$ curl -I http://example.com
HTTP/1.1 302 Found
Location: http://example.com/cgi-sys/suspendedpage.cgi
```

ಕೊನೇ ಸಾಲಿನಲ್ಲೇ ಅರ್ಧ ಕಥೆ ಇದೆ. ಸೈಟಿಗೆ ಎರಡು ಬೇರೆ ಬೇರೆ ಬಾಕಿ ಇರುತ್ತವೆ. ಒಂದು ಡೊಮೇನ್, ಅಂದರೆ ಹೆಸರು. ಇನ್ನೊಂದು ಹೋಸ್ಟಿಂಗ್, ಅಂದರೆ ಫೈಲುಗಳು ಕೂತಿರೋ ಸರ್ವರ್‌ನ ಜಾಗ. ಡೊಮೇನ್ ಅವಧಿ ಮುಗಿದಿದ್ದರೆ ಹೆಸರು ನಮ್ಮ ಸರ್ವರ್ ತನಕ ಬರೋದೇ ಇಲ್ಲ. ಹೆಸರು ಮಾರಿದ ಕಂಪನಿಯ ಜಾಹೀರಾತು ಪುಟ ಕಾಣುತ್ತೆ, ಇಲ್ಲವೇ ಏನೂ ಸಿಗೋದಿಲ್ಲ. ಇಲ್ಲಿ ಹೆಸರು ಸರಿಯಾಗಿ ಸರ್ವರ್ ತನಕ ಹೋಗಿದೆ, ಸರ್ವರ್ ಬಾಗಿಲಲ್ಲಿ ನಿಲ್ಲಿಸಿದೆ. ಖಾತ್ರಿಗೆ `whois` ಹಾಕಿ `Registry Expiry Date` ಸಾಲು ನೋಡಿದೆ. ಡೊಮೇನ್‌ಗೆ ಇನ್ನೂ ಒಂದು ವರ್ಷದ ಮೇಲೆ ಅವಧಿ ಇತ್ತು, ಅದೂ ಕಾಕಾನ ಹೆಸರಲ್ಲೇ, ಅವರದೇ ಲಾಗಿನ್‌ನಲ್ಲಿ. ನಿಂತಿದ್ದು ಹೋಸ್ಟಿಂಗ್ ಮಾತ್ರ.

ಆಮೇಲೆ ರೊಕ್ಕದ ಪ್ರಶ್ನೆ. ಹಳೇ ಬಿಲ್ ಹುಡುಕಿದಾಗ ಗೊತ್ತಾಗಿದ್ದು: ಹೋಸ್ಟಿಂಗ್‌ಗೆ ಹಣ ಕಟ್ಟಿದ್ದು ಆ ಹುಡುಗ ಅಲ್ಲ, ಕಾಕಾನ ಡೆಬಿಟ್ ಕಾರ್ಡ್. ಮೂರು ವರ್ಷಕ್ಕೆ ಒಮ್ಮೆ ತಾನೇ ಹಣ ಕಡಿತ ಆಗಲಿ ಅಂತ ಒಪ್ಪಿಗೆ ಕೊಟ್ಟಿದ್ದರು. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ತಂದ ನಿಯಮದಂತೆ ಇಂಥ ಒಪ್ಪಿಗೆಯನ್ನು ಕಾರ್ಡಿನ ಮೇಲೆ ಒಟಿಪಿ ಕೊಟ್ಟು ನೋಂದಾಯಿಸಬೇಕು. 2022ರಿಂದ 15,000 ರೂಪಾಯಿವರೆಗಿನ ಕಡಿತಕ್ಕೆ ಮತ್ತೆ ಒಟಿಪಿ ಬೇಡ. ನಮ್ಮ ಬಾಕಿ 8,260 ರೂಪಾಯಿ, ಹಾಗಾಗಿ ತೊಡಕು ಮಿತಿಯದಲ್ಲ. ಈ ವರ್ಷ ಕಾಕಾನ ಹಳೇ ಕಾರ್ಡಿನ ಅವಧಿ ಮುಗಿದು ಬ್ಯಾಂಕ್ ಹೊಸ ಕಾರ್ಡ್ ಕೊಟ್ಟಿತ್ತು, ನಂಬರೂ ಬೇರೆ. ಒಪ್ಪಿಗೆ ಹಳೇ ಕಾರ್ಡಿನ ಮೇಲೇ ಉಳಿದಿತ್ತು. ಸೆಪ್ಟೆಂಬರ್ 18ಕ್ಕೆ ಕಡಿತ ಆಗಲಿಲ್ಲ. ಕಂಪನಿ ಒಂದು ವಾರ ಕಾದು 25ಕ್ಕೆ ಸೈಟ್ ನಿಲ್ಲಿಸಿತ್ತು.

ಹಾಗಾದ್ರೆ ಕಂಪನಿ ಮೊದಲೇ ತಿಳಿಸಲಿಲ್ವಾ? ತಿಳಿಸಿತ್ತು. ಆ ಖಾತೆಗೆ ಕೊಟ್ಟಿದ್ದ ಇಮೇಲ್ ಆ ಹುಡುಗನ ಕಾಲೇಜಿನ ಐಡಿ. ಅವನು ಪಾಸ್ ಆಗಿ ಹೋದಮೇಲೆ ಕಾಲೇಜು ಆ ಐಡಿ ಮುಚ್ಚಿತ್ತು. ನೆನಪೋಲೆಗಳೆಲ್ಲ ಯಾರೂ ಇಲ್ಲದ ಮನೆಗೆ ಹೋಗಿದ್ದವು. ಪಾಸ್‌ವರ್ಡ್ ಮರುಹೊಂದಿಸಿದರೆ ಆ ಕೊಂಡಿಯೂ ಅಲ್ಲಿಗೇ ಹೋಗುತ್ತೆ. ಪುಣೆಗೆ ಫೋನ್ ಮಾಡಿದಾಗ ಅವನು ಗಾಬರಿಯಾದ, ಪಾಸ್‌ವರ್ಡ್ ನೆನಪಿಲ್ಲ ಅಂದ, ಆದರೆ ಹಳೇ ಬಿಲ್ಲಿನ ಪಿಡಿಎಫ್ ಐದೇ ನಿಮಿಷದಲ್ಲಿ ಕಳಿಸಿದ.

ಇದನ್ನೆಲ್ಲ ಬಾಯಲ್ಲಿ ಹೇಳಿದೆ. ಕಾಕಾ ಕೇಳಿ, "ಬಾಯಿಲೆ ಹೇಳಿದ್ರ ಮರತ ಹೋಗತೇತಿ ತಮ್ಮಾ. ಬರದ ಕಳಸು. ನಮ್ಮ ತಮ್ಮಗೂ ಓದಾಕ ಬರಬೇಕು" ಅಂದರು. ಮೊದಲು ಬರೆದದ್ದರಲ್ಲಿ 'ಸರ್ವರ್', 'ಸಸ್ಪೆಂಡ್', 'ಎಸ್‌ಎಸ್‌ಎಲ್' ಬಿಟ್ಟರೆ ಕನ್ನಡ ಅಂತ ಇದ್ದದ್ದು 'ಆಗಿದೆ' ಒಂದೇ. ಅದನ್ನು ಅಳಿಸಿ ಮೂಡಲಗಿ ಅಂಗಡಿಯಿಂದ ಶುರು ಮಾಡಿದೆ, ಯಾಕೆಂದರೆ ಅದು ಬಾಡಿಗೆ ಮಳಿಗೆ. ಸೈಟ್ ಸರಿಹೋದ ಮರುದಿನ ಕಳಿಸಿದ್ದು ಇದು:

> ಕಾಕಾರಿಗೆ ನಮಸ್ಕಾರ.
>
> ನಿಮ್ಮ ವೆಬ್‌ಸೈಟ್ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 14ರವರೆಗೆ ಬಂದ್ ಇತ್ತು. ಈಗ ಚಾಲೂ ಇದೆ. ಏನಾಯ್ತು ಅಂತ ಬರೆಯುತ್ತಿದ್ದೇನೆ.
>
> ನಿಮ್ಮ ಮೂಡಲಗಿ ಅಂಗಡಿ ಬಾಡಿಗೆದು, ಅದರ ಮೇಲಿನ ಬೋರ್ಡ್ ನಿಮ್ಮದು. ಬಾಡಿಗೆ ಮುಟ್ಟದಿದ್ದರೆ ಮಾಲೀಕ ಕೀಲಿ ಹಾಕಬಹುದು, ಆದರೆ ಬೋರ್ಡ್ ಅಲ್ಲೇ ಇರುತ್ತದೆ, ಒಳಗಿನ ಸಾಮಾನೂ ಇರುತ್ತದೆ. ವೆಬ್‌ಸೈಟಿಗೂ ಹಾಗೇ. ಹೆಸರು ನಿಮ್ಮದು, ಅದರ ಹಣ ಕಟ್ಟಿದೆ. ಜಾಗದ ಬಾಡಿಗೆ ಸೆಪ್ಟೆಂಬರ್ 18ಕ್ಕೆ ಮುಗಿದಿತ್ತು.
>
> ಬಾಡಿಗೆ ನಿಮ್ಮ ಕಾರ್ಡಿನಿಂದ ತಾನೇ ಹೋಗಬೇಕಿತ್ತು. ಬ್ಯಾಂಕಿನವರು ನಿಮಗೆ ಹೊಸ ಕಾರ್ಡ್ ಕೊಟ್ಟಾಗ ಹಳೇ ಕಾರ್ಡಿನ ಒಪ್ಪಿಗೆ ಅಲ್ಲಿಗೇ ನಿಂತಿತು. ನಿಮ್ಮ ಪಾಸ್‌ಬುಕ್ ನೋಡಿರಿ, ಸೆಪ್ಟೆಂಬರ್ 18ಕ್ಕೆ ಆ ಕಂಪನಿಗೆ ಹಣ ಹೋಗಿಲ್ಲ. ಅಂದರೆ ಆ ಹಣ ಯಾರ ಕೈಗೂ ಸೇರಿಲ್ಲ, ನಿಮ್ಮ ಖಾತೆಯಲ್ಲೇ ಇತ್ತು. ಕಂಪನಿ ಕಳಿಸಿದ ಸೂಚನೆಗಳು ಹುಕ್ಕೇರಿ ಅಣ್ಣನ ಹಳೇ ಕಾಲೇಜು ವಿಳಾಸಕ್ಕೆ ಹೋಗಿವೆ. ಆ ವಿಳಾಸ ಈಗ ಇಲ್ಲ, ಅದಕ್ಕೆ ಅವರಿಗೂ ಗೊತ್ತಾಗಿಲ್ಲ.
>
> ಸರಿಮಾಡಿದ್ದು ಹೀಗೆ. ಹಳೇ ಬಿಲ್, ನಿಮ್ಮ ಗುರುತಿನ ಚೀಟಿ, ಹಳೇ ಕಾರ್ಡಿನ ಕೊನೆಯ ನಾಲ್ಕು ಅಂಕಿ ತೋರಿಸಿ, ಆ ಖಾತೆಗೆ ನಿಮ್ಮ ಇಮೇಲ್ ಹಾಕಿಸಿದೆವು. ಅದಕ್ಕೆ ಎರಡು ದಿನ ಹಿಡಿಯಿತು. ನೀವು 8,260 ರೂಪಾಯಿ ಕಟ್ಟಿದ ಒಂದು ತಾಸಿನೊಳಗೆ ಕೀಲಿ ತೆಗೆದರು. ಕಂಪನಿಯ ಕರಾರಿನ ಪ್ರಕಾರ ಕೀಲಿ ಹಾಕಿ 30 ದಿನದ ಮೇಲೆ ಸಾಮಾನು ಹೊರಗೆ ಹಾಕುತ್ತಾರೆ. ನಾವು 19ನೇ ದಿನ ತಲುಪಿದೆವು. ಫೋಟೋ, ರೇಟು, ಹಳೇ ಆರ್ಡರ್ ಎಲ್ಲ ಇದ್ದ ಹಾಗೇ ಇವೆ.
>
> ಒಂದು ಮಾತ್ರ ವಾಪಸ್ ಬರುವುದಿಲ್ಲ. ನಿಮ್ಮ ಟಪಾಲು ಪೆಟ್ಟಿಗೆಯೂ ಅದೇ ಮಳಿಗೆಯ ಒಳಗಿತ್ತು. ಕೀಲಿ ಇದ್ದ 19 ದಿನ ಬಂದ ಮೇಲ್‌ಗಳು ಕಳಿಸಿದವರಿಗೇ ತಿರುಗಿ ಹೋಗಿವೆ. ಅವನ್ನು ನಾನು ತರಿಸಲು ಆಗುವುದಿಲ್ಲ. ಹೋದ ವರ್ಷ ದೀಪಾವಳಿಗೆ ಮೇಲ್ ಮೂಲಕ ಆರ್ಡರ್ ಕೊಟ್ಟವರ ಪಟ್ಟಿ ತೆಗೆದು ಇದರ ಜೊತೆ ಇಟ್ಟಿದ್ದೇನೆ. ಅವರಿಗೆ ಇವತ್ತೇ ಫೋನ್ ಮಾಡಿರಿ.

ಆ ಕೊನೇ ಪ್ಯಾರಾ ಬರೆಯೋಕೆ ನನಗೆ ಹೆಚ್ಚು ಹೊತ್ತು ಹಿಡಿಯಿತು. 'ಎಲ್ಲ ಸರಿ ಆಗಿದೆ' ಅಂತ ಮುಗಿಸೋದು ಸುಲಭ ಇತ್ತು. ಆದರೆ ನಾನು ಬಂದ ದಿನವೇ ನನ್ನ ಜಿಮೇಲ್‌ನಿಂದ ಅಂಗಡಿಗೆ ಒಂದು ಮೇಲ್ ಹಾಕಿ ನೋಡಿದ್ದೆ. ಒಂದು ನಿಮಿಷದಲ್ಲಿ 550 ಅನ್ನೋ ಸಂಖ್ಯೆ ಹೊತ್ತು ತಿರುಗಿ ಬಂತು. ಮೇಲ್ ಸರ್ವರ್ ಕೊಡೋ ಉತ್ತರ 4ರಿಂದ ಶುರುವಾದರೆ 'ಆಮೇಲೆ ಬಾ' ಅಂತ ಅರ್ಥ. ಕಳಿಸಿದ ಕಡೆಯ ಸರ್ವರ್ ಕೆಲವು ದಿನ ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ, ಆ ಮೇಲ್‌ಗಳು ತಡವಾಗಿಯಾದರೂ ಮುಟ್ಟಬಹುದು. 5ರಿಂದ ಶುರುವಾದರೆ 'ಬರಲೇಬೇಡ'. ನಮ್ಮದು ಎರಡನೇದು, ಕಾಯೋದರಲ್ಲಿ ಅರ್ಥ ಇರಲಿಲ್ಲ.

ಕಾಕಾಗೆ ಬರೆಯದೇ ಬಿಟ್ಟ ಒಂದು ವಿಷಯ ಇಲ್ಲಿ ಹೇಳ್ತೀನಿ. ಕೀಲಿ ತೆಗೆದ ಮೇಲೂ ಸೈಟ್ ತೆರೆಯಲಿಲ್ಲ! ಕ್ರೋಮ್ `NET::ERR_CERT_DATE_INVALID` ಅಂತ ಕೆಂಪು ಎಚ್ಚರಿಕೆ ತೋರಿಸ್ತು. ಆ ಸೈಟಿನ ಉಚಿತ ಸುರಕ್ಷತಾ ಪ್ರಮಾಣಪತ್ರಕ್ಕೆ 90 ದಿನ ಆಯುಷ್ಯ. ಗಡುವಿಗೆ 15 ದಿನ ಇರುವಾಗ ಸರ್ವರ್ ತಾನೇ ಹೊಸದು ತರಬೇಕು. ತರೋ ಮುಂಚೆ, ಪ್ರಮಾಣಪತ್ರ ಕೊಡೋರು ಸೈಟಿನೊಳಗೆ ಇಟ್ಟ ಒಂದು ಸಣ್ಣ ಫೈಲ್ ಓದಿ ಈ ಹೆಸರು ನಿಮ್ಮದೇ ಅಂತ ಪರೀಕ್ಷೆ ಮಾಡ್ತಾರೆ. ಬಾಗಿಲಿಗೆ ಕೀಲಿ ಇದ್ದಾಗ ಫೈಲ್ ಓದೋದು ಹೇಗೆ? ಪರೀಕ್ಷೆ ಫೇಲ್ ಆಗಿ ಅಕ್ಟೋಬರ್ 13ಕ್ಕೆ ಹಳೇ ಪತ್ರದ ಗಡುವು ಮುಗಿದಿತ್ತು. ಸಿಪ್ಯಾನೆಲ್‌ನ `SSL/TLS Status` ಪುಟದಲ್ಲಿ `Run AutoSSL` ಒತ್ತಿದ ಮೇಲೆ ಕೆಲವೇ ನಿಮಿಷದಲ್ಲಿ ಹೊಸದು ಬಂತು. ಹೋಸ್ಟಿಂಗ್ ತಿರುಗಿ ಶುರುವಾದ ಮೇಲೂ ಗಿರಾಕಿ 'ಸೈಟ್ ಬರ್ತಿಲ್ಲ' ಅಂದರೆ ಮೊದಲು ಇದನ್ನು ನೋಡಿ.

ಮೇಲ್ ಓದಿ ಕಾಕಾ ಪಾಸ್‌ಬುಕ್ ಎಂಟ್ರಿ ಹಾಕಿಸ್ಕೊಂಡು ಬಂದರು. ಆಮೇಲೆ ಬಂದ ಫೋನ್‌ನಲ್ಲಿ ಮೊದಲ ಪ್ರಶ್ನೆ: "ಅಲ್ಲೋ ತಮ್ಮಾ, ಹಂಗಾರ ಬೋರ್ಡಿಂದ ತಾರೀಖ ಬ್ಯಾರೆ, ಬಾಡಿಗಿ ತಾರೀಖ ಬ್ಯಾರೆ?" ಹೌದ್ರಿ ಕಾಕಾ, ಅಂದೆ. "ಮತ್ತ ಕಾರ್ಡಿಂದೂ ಒಂದ ತಾರೀಖ ಆತಲ್ಲ." ನಾನು ಮೂರು ಪುಟ ಬರೆದದ್ದನ್ನು ಅವರು ಎರಡು ಮಾತಲ್ಲಿ ಹಿಡಿದಿದ್ದರು. ಮೂರೂ ತಾರೀಖು ಈಗ ಅಂಗಡಿಯ ಉದ್ರಿ ಖಾತೆ ವಹಿಯ ಮೊದಲ ಪುಟದಲ್ಲಿವೆ. ಯಾವ ತಾರೀಖಿಗೂ ಒಂದು ತಿಂಗಳು ಮೊದಲೇ ತೆರೆದು ನೋಡಬೇಕು ಅಂತ ಮೂಡಲಗಿಯ ತಮ್ಮನಿಗೆ ಒಪ್ಪಿಸಿದ್ದಾರೆ. ಪುಣೆಗೆ ಎರಡು ಕಿಲೋ ಕರದಂಟು ಕೊರಿಯರ್ ಹೋಯ್ತು, ವಿಳಾಸ ಬರೆದದ್ದು ಆ ತಮ್ಮನೇ.

ಇದನ್ನು ಓದ್ತಿರೋ ಕೊನೇ ವರ್ಷದ ಅಣ್ಣ ಅಕ್ಕಂದಿರಲ್ಲಿ ಊರಿನ ಅಂಗಡಿಗೋ ಮಠಕ್ಕೋ ಸೈಟ್ ಮಾಡಿಕೊಟ್ಟವರು ಇದ್ದೇ ಇರ್ತೀರಿ. ಜೂನ್ ಒಳಗೆ ಒಮ್ಮೆ ಹೋಸ್ಟಿಂಗ್ ಖಾತೆ ತೆರೆದು ನೋಡಿ, ಅಲ್ಲಿ ಯಾರ ಇಮೇಲ್ ಇದೆ ಅಂತ.