ಮೂಳೆ ಕೂಡೋಕೆ ಎಷ್ಟು ವಾರ?

ಹೋದ ವರ್ಷ ಹಲಕುಂದಿಯ ನಮ್ಮ ಮನೆಯಲ್ಲಿ ಒಂದೇ ತಿಂಗಳಲ್ಲಿ ಇಬ್ಬರು ಮೂಳೆ ಮುರ್ಕೊಂಡರು. ಚಿಕ್ಕಪ್ಪನ ಮಗ, ಏಳು ವರ್ಷದವನು, ಬೇವಿನ ಮರದಿಂದ ಬಿದ್ದು ಮುಂಗೈಯ ಎರಡೂ ಮೂಳೆ ಅಡ್ಡಕ್ಕೆ ಮುರ್ಕೊಂಡ. ಅದಾಗಿ ಎರಡು ವಾರಕ್ಕೆ ಚಿಕ್ಕಪ್ಪ ಬೈಕ್‌ನಲ್ಲಿ ಬರುವಾಗ ಟ್ರ್ಯಾಕ್ಟರ್ ಟ್ರಾಲಿಯ ಅಂಚು ಕಾಲಿಗೆ ಬಡಿದು, ಮೊಣಕಾಲಿಗೂ ಪಾದಕ್ಕೂ ನಡುವಿನ ದಪ್ಪ ಮೂಳೆ, ಅಂದರೆ ಟಿಬಿಯಾ, ಮುರೀತು. ಹುಡುಗನ ಪ್ಲಾಸ್ಟರ್ ಆರು ವಾರಕ್ಕೆ ಬಿಚ್ಚಿದರು. ಚಿಕ್ಕಪ್ಪನಿಗೆ ಆಪರೇಷನ್ ಮಾಡಿ ರಾಡ್ ಹಾಕಿ, "ಭಾರದ ಕೆಲಸಕ್ಕೆ ಐದಾರು ತಿಂಗಳು" ಅಂದರು.

ಚಿಕ್ಕಪ್ಪ ಗೋಡೌನ್‌ನಲ್ಲಿ ಹಮಾಲಿ. ಚೀಲ ಹೊತ್ತ ದಿನ ಮಾತ್ರ ಕೂಲಿ. "ಪೋರಗ ಒಂದೂವರೆ ತಿಂಗಳು, ನನಗ ಆರು ತಿಂಗಳಾ? ಈ ಲೆಕ್ಕ ಯಾರ್ ಹಾಕಿದ್ದಪ್ಪ, ಇಂಜಿನಿಯರ್ರೇ?" ಅಂತ ನನ್ನನ್ನೇ ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಒಂದೂವರೆ ತಿಂಗಳಾದರೆ ಕೈಸಾಲದಲ್ಲಿ ದೂಡಬಹುದು, ಆರು ತಿಂಗಳಾದರೆ ಎಮ್ಮೆ ಮಾರಬೇಕು. ಹಾಗಾಗಿ ಈ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕಿ ಓದಿದೆ.

ಡಾಕ್ಟರುಗಳು ಕಲಿಯುವ ಒಂದು ಹಳೆಯ ಸೂತ್ರ ಇದೆ. ಇಂಗ್ಲೆಂಡಿನ ಜಾರ್ಜ್ ಪರ್ಕಿನ್ಸ್ ಅನ್ನೋ ಸರ್ಜನ್ ಹೇಳಿದ್ದು. ತಿರುಚಿ ಮುರಿದ ಕೈಮೂಳೆ ಅಂಟಿಕೊಳ್ಳೋಕೆ 3 ವಾರ. ಅದು ಗಟ್ಟಿಯಾಗೋಕೆ ಅದರ ಎರಡರಷ್ಟು. ಕಾಲಾದರೆ ಇನ್ನೊಂದು ಸಲ ಎರಡರಿಂದ ಗುಣಿಸಬೇಕು. ಅಡ್ಡಕ್ಕೆ ಮುರಿದಿದ್ದರೆ ಮತ್ತೊಂದು ಸಲ. ಮಕ್ಕಳಾದರೆ ಬಂದ ಉತ್ತರವನ್ನ ಅರ್ಧ ಮಾಡಬೇಕು.

ಹುಡುಗನ ಲೆಕ್ಕ ಹಾಕೋಣ. ಕೈ, ಅಡ್ಡ ಮುರಿತ, ಗಟ್ಟಿಯಾಗೋವರೆಗೆ: 3 × 2 × 2 = 12, ಮಗು ಆದ್ದರಿಂದ ಅರ್ಧ, 6 ವಾರ. ಚಿಕ್ಕಪ್ಪನದು ಕಾಲು, ಅಡ್ಡ ಮುರಿತ: 3 × 2 × 2 × 2 = 24 ವಾರ. ಡಾಕ್ಟರ್ ಹೇಳಿದ ಎರಡೂ ಅಂಕಿ ಸರಿಯಾಗಿ ಕೂತವು. ಅವರು ಯಾರನ್ನೂ ಸುಮ್ಮನೆ ಎಳೆದಾಡಿಸ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಅಂಟಿಕೊಳ್ಳೋದು ಬೇರೆ, ಗಟ್ಟಿಯಾಗೋದು ಬೇರೆ ಅನ್ನೋದು. ಮೂಳೆ ಮುರಿದ ಜಾಗದ ಸುತ್ತ ಮೊದಲು ಮೆತ್ತನೆಯ ಗಂಟು ಬೆಳೀತದೆ, ಅದಕ್ಕೆ ಕ್ಯಾಲಸ್ ಅಂತಾರೆ. ನಿಧಾನಕ್ಕೆ ಅದರಲ್ಲಿ ಸುಣ್ಣದ ಅಂಶ ತುಂಬಿ ಮೂಳೆ ಆಗ್ತದೆ. ಎರಡೂ ತುದಿ ಒಟ್ಟಿಗೆ ಅಲುಗಾಡೋ ಹಾಗಾದರೆ ಅಂಟಿದೆ ಅಂತ ಅರ್ಥ. ಆದರೆ ಒತ್ತಿದರೆ ಇನ್ನೂ ನೋವಿರ್ತದೆ, ಎಕ್ಸ್‌ರೇಯಲ್ಲಿ ಗೆರೆ ಕಾಣ್ತದೆ. ನೋವೂ ಇಲ್ಲ, ಗೆರೆಯೂ ಮುಚ್ಚಿದೆ ಅಂದಾಗಲೇ ಗಟ್ಟಿಯಾಗಿದೆ ಅಂತ. ಕಾಂಕ್ರೀಟ್ ಸೆಟ್ ಆಗೋದಕ್ಕೂ ಪೂರ್ತಿ ಬಲ ಬರೋದಕ್ಕೂ ಇರೋ ವ್ಯತ್ಯಾಸ ಸಿವಿಲ್‌ನವರಿಗೆ ಗೊತ್ತೇ ಇದೆ.

ಮಕ್ಕಳಿಗೆ ಯಾಕೆ ಅರ್ಧ? ಮೂಳೆಯ ಮೇಲೆ ಪೆರಿಯಾಸ್ಟಿಯಂ ಅನ್ನೋ ಪೊರೆ ಇದೆ. ಹೊಸ ಮೂಳೆ ಕಟ್ಟುವ ಕೋಶಗಳು, ರಕ್ತನಾಳಗಳು ಅದರಲ್ಲೇ ಇರ್ತವೆ. ಮಕ್ಕಳಲ್ಲಿ ಅದು ದಪ್ಪ. ಮೂಳೆ ಮುರಿದರೂ ಒಂದು ಪಕ್ಕದ ಪೊರೆ ಹೆಚ್ಚಾಗಿ ಹರಿಯದೆ ಉಳೀತದೆ. ಕೆಲಸಗಾರರು ಜಾಗದಲ್ಲೇ ಇದ್ದ ಹಾಗೆ. ದೊಡ್ಡವರಲ್ಲಿ ಅದು ತೆಳು. ಅದರ ಮೇಲೆ ಟಿಬಿಯಾದ ಮುಂಭಾಗದಲ್ಲಿ ಚರ್ಮದ ಕೆಳಗೇ ಮೂಳೆ, ಸ್ನಾಯುವಿನಿಂದ ಸಿಗುವ ರಕ್ತ ಕಡಿಮೆ.

ನನಗೆ ಆಶ್ಚರ್ಯ ಅನಿಸಿದ್ದು ಇನ್ನೊಂದು. ಟೊರಾಂಟೊದ ಮಕ್ಕಳ ಮೂಳೆ ಸರ್ಜನ್ ರಾಬರ್ಟ್ ಸಾಲ್ಟರ್ ತೊಡೆಮೂಳೆಯ ಬಗ್ಗೆ ಒಂದು ಪಟ್ಟಿ ಕೊಟ್ಟಿದ್ದಾರೆ. ಹುಟ್ಟುವಾಗ ಮುರಿದರೆ ಸುಮಾರು 3 ವಾರ, 8 ವರ್ಷಕ್ಕೆ 8 ವಾರ, 12 ವರ್ಷಕ್ಕೆ 12, 20 ವರ್ಷಕ್ಕೆ 20. ಅಲ್ಲಿಂದ ಮುದುಕರಾಗೋವರೆಗೆ ಹೆಚ್ಚು ಕಡಿಮೆ ಅಷ್ಟೇ. ಅಂದರೆ ನಿಧಾನ ಆಗೋದು ಬೆಳೆಯುವ ವಯಸ್ಸಿನಲ್ಲಿ. ಚಿಕ್ಕಪ್ಪ "ವಯಸ್ಸಾಯ್ತು, ಅದಕ್ಕ" ಅಂತಿದ್ದರು. ಈ ಲೆಕ್ಕದಲ್ಲಿ ಹತ್ತೊಂಬತ್ತರ ನನಗೂ ನಲವತ್ತೆರಡರ ಅವರಿಗೂ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಮಾಡೋದು ಬೀಡಿ, ಸಕ್ಕರೆ ಕಾಯಿಲೆ, ಗಾಯದ ಸೋಂಕು.

ಸೂತ್ರ ಅಂದಾಜಷ್ಟೇ. ನಿಜವಾಗಿ ಕೂಡಿದೆಯಾ ಅಂತ ನೋಡೋದು ಎಕ್ಸ್‌ರೇಯಲ್ಲಿ. ಟಿಬಿಯಾಗೆ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದರೆ ಮೂಳೆಯ ನಾಲ್ಕು ಅಂಚು ಕಾಣ್ತವೆ. ಒಂದೊಂದು ಅಂಚಿಗೂ ಅಂಕ: ಕ್ಯಾಲಸ್ ಇಲ್ಲದಿದ್ದರೆ 1, ಕ್ಯಾಲಸ್ ಬಂದು ಗೆರೆಯೂ ಕಂಡರೆ 2, ಸೇತುವೆ ಕಟ್ಟಿ ಗೆರೆ ಮುಚ್ಚಿದ್ದರೆ 3. ಕನಿಷ್ಠ 4, ಗರಿಷ್ಠ 12. ಇದಕ್ಕೆ ರಸ್ಟ್ ಸ್ಕೋರ್ ಅಂತ ಹೆಸರು. ಚಿಕ್ಕಪ್ಪನದು 6ನೇ ವಾರಕ್ಕೆ 5, 12ನೇ ವಾರಕ್ಕೆ 8, 18ನೇ ವಾರಕ್ಕೆ 11. ನಾಲ್ಕರಲ್ಲಿ ಮೂರು ಅಂಚು ಸೇತುವೆ ಕಟ್ಟಿದರೆ ಸಾಮಾನ್ಯವಾಗಿ ಕೂಡಿದೆ ಅಂತಾರೆ.

ಹಾಗಾದರೆ ಅವರ ಮೂಳೆ ಕೂಡಿದ್ದು 18ನೇ ವಾರಕ್ಕಾ? ಅಲ್ಲ. 12ಕ್ಕೆ ಕೂಡಿರಲಿಲ್ಲ, 18ಕ್ಕೆ ಕೂಡಿತ್ತು, ನಡುವೆ ಯಾವತ್ತೋ ಆಗಿದೆ. ಆದರೆ ಫೈಲಿನಲ್ಲಿ ಬರೆಯೋದು 18. "ಸರಾಸರಿ ಇಷ್ಟು ವಾರ" ಅಂತ ನಾವು ಓದುವ ಅಂಕಿಯಲ್ಲಿ ಮೂಳೆಯ ವೇಗದ ಜೊತೆಗೆ ಡಾಕ್ಟರ್ ಯಾವಾಗ ಬರೋಕೆ ಹೇಳಿದ್ದರು ಅನ್ನೋದೂ ಸೇರಿರ್ತದೆ. ಇನ್ನೊಂದು ತೊಂದರೆ, ಎಷ್ಟೋ ಜನ ಮತ್ತೆ ಬರೋದೇ ಇಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗ್ತದೆ. ಅವರನ್ನ ಲೆಕ್ಕದಿಂದ ಪೂರ್ತಿ ಬಿಟ್ಟರೂ ತಪ್ಪು, ಕೂಡಿತು ಅಂತ ಬರೆದರೂ ತಪ್ಪು. "ಇಷ್ಟು ವಾರದವರೆಗೆ ಕೂಡಿರಲಿಲ್ಲ" ಅಂತ ಗೊತ್ತಿರುವಷ್ಟನ್ನೇ ಬಳಸಬೇಕು. ಬಲ್ಬ್ ಎಷ್ಟು ಗಂಟೆ ಬಾಳಿಕೆ ಬರ್ತದೆ ಅಂತ ಪರೀಕ್ಷೆ ಮಾಡುವಾಗ, ಪರೀಕ್ಷೆ ನಿಲ್ಲಿಸಿದಾಗಲೂ ಉರೀತಿರೋ ಬಲ್ಬಿಗೆ ಮಾಡುವ ಲೆಕ್ಕವೇ ಇದು.

ಕೊನೆಗೆ ರಾಡಿನ ವಿಷಯ. ಆರು ವಾರಕ್ಕೇ ಚಿಕ್ಕಪ್ಪ ಕೋಲು ಹಿಡಿದು ನಡೀತಿದ್ದರು, "ಆಯ್ತಲ್ಲ, ಇನ್ನೇನು" ಅಂದರು. ನಡೀತಿದ್ದದ್ದು ರಾಡಿನ ಬಲದಿಂದ. ರಾಡ್ ಮೂಳೆಯನ್ನ ಬೇಗ ಕೂಡಿಸೋದಿಲ್ಲ, ಕೂಡೋವರೆಗೆ ಹಿಡಿದಿರ್ತದೆ. ಹೆಜ್ಜೆ ಹೆಜ್ಜೆಗೂ ಅದರ ಮೇಲೆ ಭಾರ ಬಿದ್ದು ಏಳ್ತದೆ. ಮೆಕ್ಯಾನಿಕಲ್‌ನವರು ಓದುವ ಫಟೀಗ್ ಇದೇ: ಒಂದೇ ಸಲಕ್ಕೆ ಮುರಿಯದ ಲೋಹ ಲಕ್ಷ ಸಲ ಬಾಗಿದರೆ ಬಿರುಕು ಬಿಡ್ತದೆ. ಚೀಲ ಹೊತ್ತರೆ ಆ ಲಕ್ಷದ ಸಂಖ್ಯೆ ಬಹಳ ಕಡಿಮೆಗೆ ಇಳೀತದೆ. ಮೊದಲು ಹೋಗೋದು ಹೆಚ್ಚಾಗಿ ತುದಿಯ ಸ್ಕ್ರೂ. ಮೂಳೆ ಕೂಡೋದಕ್ಕೂ ಲೋಹ ದಣಿಯೋದಕ್ಕೂ ನಡುವೆ ಓಟದ ಪಂದ್ಯ ಅದು. ಇದನ್ನ ಚಿಕ್ಕಪ್ಪನಿಗೆ ತಂತಿ ಬಾಗಿಸಿ ಬಾಗಿಸಿ ಮುರಿದು ತೋರಿಸಿದೆ. ಅವರು ಸ್ವಲ್ಪ ಹೊತ್ತು ತಂತಿ ನೋಡಿ, "ಎಮ್ಮೆ ಮಾರೋಣ ಬಿಡು" ಅಂದರು.

ಹುಡುಗನಿಗೂ ಇದೇ ಮಾತು ಬೇರೆ ರೀತಿಯಲ್ಲಿ ಅನ್ವಯಿಸ್ತದೆ. ಮುಂಗೈ ಮೂಳೆ ಪ್ಲಾಸ್ಟರ್ ಬಿಚ್ಚಿದ ಮೊದಲ ತಿಂಗಳುಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಮುರಿಯೋದುಂಟು, ಅದಕ್ಕೇ ಮರ, ಸೈಕಲ್ ಬೇಡ ಅಂತಾರೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಮೂಳೆ ಮುರಿದರೆ ಡಾಕ್ಟರನ್ನ "ಎಷ್ಟು ವಾರ?" ಅಂತ ಮಾತ್ರ ಕೇಳಬೇಡಿ. ಆ ವಾರ ಅಂಟಿಕೊಳ್ಳೋಕಾ, ಭಾರ ಹೊರೋಕಾ ಅಂತ ಕೇಳಿ. ಮುಂದಿನ ಎಕ್ಸ್‌ರೇ ಯಾವಾಗ, ಅದರಲ್ಲಿ ಏನು ಕಂಡರೆ ಸರಿ ಅಂತ ಕೇಳಿ. ಚಿಕ್ಕಪ್ಪ 25ನೇ ವಾರಕ್ಕೆ ಗೋಡೌನಿಗೆ ಹೋದರು, ಮೊದಲ ವಾರ ಅರ್ಧ ಚೀಲ.