ಒಂದೇ ಊರಿನ ಮಕ್ಕಳ ಹಲ್ಲು: ಕೇಡಿನ ಸಮಸ್ಯೆಯ ಕುರಿತು

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯಲ್ಲಿ ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಮಾಡುತ್ತಿದ್ದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪ್ರಾಣಿಜನ್ಮಗಳಲ್ಲಿ ತೊಳಲುವ ಭಾಗ ಅದು. ಸಂಕಲ್ಪಹಿಂಸೆಯೂ ಹಿಂಸೆಯೇ, ಕಟ್ಟಿಕೊಂಡ ಕರ್ಮ ಫಲ ಕೊಡದೆ ಬಿಡದು, ಇಂದು ಕಾಣುವ ಪ್ರತಿಯೊಂದು ನೋವಿಗೂ ಹಿಂದಿನ ಒಂದು ಲೆಕ್ಕವಿದೆ ಎಂದು ಸಾಕಷ್ಟು ಆತ್ಮವಿಶ್ವಾಸದಿಂದಲೇ ವಿವರಿಸಿದೆ. ತರಗತಿ ಮುಗಿದ ಮೇಲೆ ಗೌರಿಬಿದನೂರು ಕಡೆಯ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮೇಜಿನ ಬಳಿ ನಿಂತಳು. ನಗುವಾಗ ಸೆರಗಿನ ಅಂಚನ್ನೋ ಅಂಗೈಯನ್ನೋ ಬಾಯಿಗೆ ಅಡ್ಡ ಹಿಡಿಯುವುದು ಅವಳ ಅಭ್ಯಾಸ. “ಸಾರ್, ನಮ್ಮೂರ ಮಕ್ಕಳೆಲ್ಲಾ ಒಂದೇ ಪಾಪ ಮಾಡಿ ಹುಟ್ಟಿದವರಾ? ಎಲ್ಲರ ಹಲ್ಲೂ ಹಿಂಗೇ ಇದೆ. ಪಕ್ಕದೂರವರ ಹಲ್ಲು ಬೆಳ್ಳಗಿದೆ. ಅವರ ಬೋರ್‌ವೆಲ್ ಬೇರೆ ಸಾರ್” ಎಂದಳು.

ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ತತ್ತ್ವಶಾಸ್ತ್ರದಲ್ಲಿ ‘ಕೇಡಿನ ಸಮಸ್ಯೆ’ ಎಂದು ಕರೆಯುವುದನ್ನು ಆ ಹುಡುಗಿ ನಾಲ್ಕು ವಾಕ್ಯಗಳಲ್ಲಿ, ಅದರ ಅತ್ಯಂತ ತೀಕ್ಷ್ಣವಾದ ರೂಪದಲ್ಲಿ ಕೇಳಿದ್ದಳೆಂದು ಅರಿವಾಗಲು ನನಗೆ ಸಾಕಷ್ಟು ಕಾಲ ಹಿಡಿಯಿತು. ಆ ಅರಿವಿನ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನೀರಿನ ವಿಚಾರ. ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸುತ್ತ ಹುಟ್ಟುವ ಹೊಳೆಗಳು ಮಳೆಗಾಲದ ಹೊಳೆಗಳು. ಹಿಂದೆ ಕೆರೆ, ತೆರೆದ ಬಾವಿಗಳನ್ನು ನಂಬಿದ್ದ ಜನ ಅವು ಬತ್ತಿದಂತೆ ಕೊಳವೆಬಾವಿ ಕೊರೆಸಿದರು, ವರ್ಷದಿಂದ ವರ್ಷಕ್ಕೆ ಇನ್ನಷ್ಟು ಆಳಕ್ಕೆ ಇಳಿದರು. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿಗೆ ಅದು ನಿಧಾನವಾಗಿ ಬಿಡುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರೊಡನೆ ಸೇರಿ ತಳಕ್ಕಿಳಿಯಬಹುದು. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರಗುಣ ಹೆಚ್ಚಿದ್ದರೆ ಕರಗಿಯೇ ಉಳಿಯುತ್ತದೆ. ಆದ್ದರಿಂದಲೇ ಅಕ್ಕಪಕ್ಕದ ಎರಡು ಬಾವಿಗಳ ನೀರು ಒಂದೇ ಬಗೆಯದಾಗಿರಬೇಕಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹ್ಯ. ಅದನ್ನು ಮೀರಿದ ನೀರನ್ನು ಎಂಟು ವರ್ಷದೊಳಗಿನ ಮಗು, ಎಂದರೆ ಶಾಶ್ವತ ಹಲ್ಲುಗಳ ಎನಾಮಲ್ ಒಳಗೇ ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ, ಸತತವಾಗಿ ಕುಡಿದರೆ ಮುಂದೆ ಮೂಡುವ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕಂದು ಪಟ್ಟೆ ಕಾಣಿಸಿಕೊಳ್ಳುತ್ತವೆ. ಪ್ರಮಾಣ ಇನ್ನೂ ಹೆಚ್ಚಿ ಬಹುಕಾಲ ಮುಂದುವರಿದರೆ ಮೂಳೆ, ಕೀಲುಗಳು ಪೆಡಸಾಗುತ್ತವೆ. ಆ ನೀರಿಗೆ ರುಚಿಯಿಂದಾಗಲಿ ವಾಸನೆಯಿಂದಾಗಲಿ ತಿಳಿಯುವ ಗುರುತಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಮಗುವಿಗೆ ಒಳ್ಳೆಯದಾಗಲೆಂದು ನೀರು ಕಾಯಿಸಿ ಕುಡಿಸಿದ ತಾಯಿಯೂ ಕೇಡನ್ನು ತಡೆಯಲಾರಳು.

ಇನ್ನು ವಾದದ ವಿಚಾರ. ಕೇಡಿನ ಸಮಸ್ಯೆಗೆ ಎರಡು ರೂಪಗಳಿವೆ, ಅವನ್ನು ಬೆರೆಸಬಾರದು. ತಾರ್ಕಿಕ ರೂಪವನ್ನು ಜೆ. ಎಲ್. ಮ್ಯಾಕಿ 1955ರಲ್ಲಿ ಬಿಗಿಯಾಗಿ ಮಂಡಿಸಿದ. ದೇವರು ಸರ್ವಶಕ್ತ, ದೇವರು ಪೂರ್ಣವಾಗಿ ಒಳ್ಳೆಯವನು, ಆದರೂ ಕೇಡು ಇದೆ ಎಂಬ ಮೂರು ಮಾತುಗಳು ಒಟ್ಟಿಗೆ ನಿಜವಾಗಲಾರವು. ಯಾವುದಾದರೂ ಒಂದನ್ನು ಕೈಬಿಡಲೇಬೇಕು ಎಂಬುದು ಅವನ ವಾದ. ಇದು ಅಸಂಗತಿಯ ಆರೋಪ. ಇದನ್ನು ಎದುರಿಸಲು ಆ ಮೂರೂ ಒಟ್ಟಿಗೆ ನಿಜವಾಗಿರಬಹುದಾದ ಒಂದೇ ಒಂದು ಸಾಧ್ಯತೆಯನ್ನು ತೋರಿಸಿದರೆ ಸಾಕು, ಆ ಸಾಧ್ಯತೆ ನಂಬಲರ್ಹವಾಗಿರಬೇಕೆಂದೇನೂ ಇಲ್ಲ. 1974ರಲ್ಲಿ ಆಲ್ವಿನ್ ಪ್ಲಾಂಟಿಂಗ ಮಾಡಿದ್ದು ಇದನ್ನೇ. ಸ್ವತಂತ್ರ ಇಚ್ಛೆಯುಳ್ಳ ಜೀವಿಗಳಿರಬೇಕಾದರೆ ಅವರು ತಪ್ಪು ಮಾಡುವ ಸಾಧ್ಯತೆಯೂ ಇರಬೇಕು. ಆ ತಪ್ಪನ್ನು ದೇವರೇ ತಡೆದರೆ ಸ್ವಾತಂತ್ರ್ಯವೇ ಉಳಿಯದು. ನೈಸರ್ಗಿಕ ಕೇಡಿನ ಹಿಂದೆಯೂ ನಮಗೆ ಕಾಣದ ಬೇರೆ ಚೇತನಗಳ ಸ್ವತಂತ್ರ ಇಚ್ಛೆ ಇರಬಹುದೆಂದು ಅವನು ಸೇರಿಸಿದ. ತರ್ಕದ ಆರೋಪಕ್ಕೆ ಅಷ್ಟು ಸಾಕೆಂದು ವಿರೋಧಿಗಳಲ್ಲೂ ಹಲವರು ಒಪ್ಪಿದರು.

ಆದರೆ ನನ್ನ ವಿದ್ಯಾರ್ಥಿನಿ ಅಸಂಗತಿಯ ಆರೋಪ ಹೊರಿಸಿರಲಿಲ್ಲ. ಅವಳು ಸಾಕ್ಷ್ಯವನ್ನು ಮುಂದಿಟ್ಟಿದ್ದಳು. ವಿಲಿಯಂ ರೋ 1979ರಲ್ಲಿ ರೂಪಿಸಿದ ಎರಡನೆಯ ವಾದವೂ ಇಂಥದ್ದೇ. ಕಾಡ್ಗಿಚ್ಚಿನಲ್ಲಿ ಸುಟ್ಟು ದಿನಗಟ್ಟಲೆ ನರಳಿ ಯಾರ ಕಣ್ಣಿಗೂ ಬೀಳದೆ ಸಾಯುವ ಜಿಂಕೆಮರಿ ಅವನ ಉದಾಹರಣೆ. ಆ ನೋವಿನಿಂದ ಯಾವ ಹಿರಿದಾದ ಒಳಿತೂ ಹುಟ್ಟಿದಂತೆ ಕಾಣುವುದಿಲ್ಲ. ಇಂಥ ವ್ಯರ್ಥ ನೋವು ನಿಜವಾಗಿಯೂ ಇದ್ದರೆ ಅದನ್ನು ತಡೆಯಬಲ್ಲ ಒಳ್ಳೆಯ ದೇವರು ಇಲ್ಲವೆಂದು ನಂಬಲು ಕಾರಣವಿದೆ ಎನ್ನುತ್ತಾನೆ ರೋ. ಇಲ್ಲಿ ‘ಸಾಧ್ಯತೆ’ ಎಂಬ ಉತ್ತರ ಸಾಲದು, ವಿವರಣೆ ನಂಬುವಂತಿರಬೇಕು. ಅಂಥ ವಿವರಣೆಗಳನ್ನೇ ‘ಥಿಯಾಡಿಸಿ’ ಎನ್ನುತ್ತಾರೆ. 1710ರ ತನ್ನ ಗ್ರಂಥಕ್ಕೆ ಆ ಹೆಸರಿಟ್ಟವನು ಲೈಬ್ನಿಜ್. ನಾವು ‘ದೈವಸಮರ್ಥನೆ’ ಎನ್ನೋಣ. ಮುಖ್ಯವಾದ ಕೆಲವನ್ನು ಗೌರಿಬಿದನೂರಿನ ಬಿಂದಿಗೆಯ ಮುಂದೆ ಇಟ್ಟು ನೋಡೋಣ.

ಅದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸ್ವತಂತ್ರ ಇಚ್ಛೆಯ ಸಮರ್ಥನೆ ಆ ಘಟನೆಗೆ ಅರ್ಥಪೂರ್ಣವಾಗಿ ಅನ್ವಯಿಸುತ್ತದೆ. ಆಜ್ಞೆ ಕೊಟ್ಟವರೂ ಬಂದೂಕು ಎತ್ತಿದವರೂ ಮನುಷ್ಯರು. ಅವರು ಬೇರೆ ರೀತಿ ನಡೆದುಕೊಳ್ಳಬಹುದಿತ್ತು. ಆದರೆ ಬಂಡೆಯಿಂದ ನೀರಿಗೆ ಇಳಿಯುವ ಫ್ಲೋರೈಡ್ ಯಾರ ಇಚ್ಛೆಯೂ ಅಲ್ಲ. ಕೆರೆಗಳನ್ನು ಕೆಡಿಸಿ ಆಳಕ್ಕೆ ಕೊರೆದ ಮನುಷ್ಯರ ಪಾಲು ಇದರಲ್ಲಿದೆ, ನಿಜ; ಆದರೂ ಎನಾಮಲ್ ಕೆಟ್ಟದ್ದು ಕೊರೆಸಿದವನದಲ್ಲ, ಎರಡು ವರ್ಷದ ಮಗುವಿನದು.

ಜಾನ್ ಹಿಕ್ 1966ರಲ್ಲಿ ಬೆಳೆಸಿದ ಸಮರ್ಥನೆ ಬೇರೆ ಜಾಡಿನದು: ಈ ಲೋಕ ಆತ್ಮಗಳು ಮಾಗುವ ಗರಡಿ, ಕಷ್ಟವಿಲ್ಲದೆ ಧೈರ್ಯ, ಕರುಣೆಗಳು ಬೆಳೆಯವು. ಕೀಲುನೋವಿನ ಅಜ್ಜಿಯನ್ನು ನೋಡಿಕೊಳ್ಳುತ್ತ ಮಾಗಿದ ಮೊಮ್ಮಗಳನ್ನು ನಾನೂ ಕಂಡಿದ್ದೇನೆ. ಆದರೆ ನೋವು ಒಬ್ಬರದು, ಮಾಗುವುದು ಇನ್ನೊಬ್ಬರು ಎಂಬಲ್ಲಿ ನ್ಯಾಯದ ಪ್ರಶ್ನೆ ಉಳಿಯುತ್ತದೆ. ಮೂಕಪ್ರಾಣಿಗಳ ಮುಂದೆ ಈ ವಾದ ಇನ್ನೂ ಸೊರಗುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನೊಳಗಿನ ಹುಳು ಚಿಟ್ಟೆಯಾಗಿ ನೂಲನ್ನು ಕಡಿದು ಬರುವ ಮೊದಲೇ ಬಿಸಿಗೆ ಸಾಯುತ್ತದೆ. ಸಾಯಿಸುವುದು ಮನುಷ್ಯನ ಆಯ್ಕೆ ಎನ್ನಬಹುದು. ಆದರೆ ಆ ಹುಳು ಯಾವ ಗುಣದಲ್ಲಿ ಮಾಗಿತು?

ಮೂರನೆಯದನ್ನು ಸಮರ್ಥನೆ ಎನ್ನುವುದಕ್ಕಿಂತ ಎಚ್ಚರಿಕೆ ಎನ್ನಬೇಕು. ನಮಗೆ ಕಾರಣ ಕಾಣದಿದ್ದ ಮಾತ್ರಕ್ಕೆ ಕಾರಣವೇ ಇಲ್ಲವೆನ್ನಲಾಗದು, ಅನಂತಜ್ಞಾನಿಯ ಉದ್ದೇಶ ನಮ್ಮ ಕಣ್ಣಳತೆಗೆ ಸಿಗಬೇಕೆಂದಿಲ್ಲ ಎಂದು 1984ರಲ್ಲಿ ಸ್ಟೀಫನ್ ವಿಕ್‌ಸ್ಟ್ರಾ ರೋಗೆ ಉತ್ತರಿಸಿದ. ಇದು ಸುಲಭಕ್ಕೆ ಅಲುಗುವ ವಾದವಲ್ಲ. ಆದರೆ ಅದರ ಬೆಲೆ ದೊಡ್ಡದು. ಪ್ರತಿ ನೋವಿನ ಹಿಂದೆಯೂ ನಮಗೆ ತಿಳಿಯದ ಒಳಿತು ಇರಬಹುದಾದರೆ, ಊರಿಗೆ ಶುದ್ಧ ನೀರಿನ ಘಟಕ ತಂದು ಆ ನೋವನ್ನು ತಪ್ಪಿಸುವುದು ಒಳಿತೋ ಕೆಡುಕೋ ಎಂಬುದೂ ನಮಗೆ ತಿಳಿಯದೆ ಹೋಗುತ್ತದೆ.

ಭಾರತೀಯ ಪರಂಪರೆಯ ಸಮರ್ಥನೆ ಕರ್ಮವನ್ನು ಮುಂದಿಡುತ್ತದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಈಶ್ವರನಿಗೆ ಪಕ್ಷಪಾತವೂ ನಿರ್ದಯತೆಯೂ ಇಲ್ಲ, ಏಕೆಂದರೆ ಅವನು ಜೀವಿಗಳ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನೆ ಎನ್ನುತ್ತದೆ. ಶಂಕರರ ಭಾಷ್ಯ ಮಳೆಯ ಹೋಲಿಕೆ ಕೊಡುತ್ತದೆ: ಮಳೆ ಎಲ್ಲ ಬೀಜಗಳಿಗೂ ಸಮಾನ, ಪೈರಿನ ವ್ಯತ್ಯಾಸ ಬೀಜದ್ದು. ರಾಷ್ಟ್ರಕೂಟರ ಕಾಲದ, ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತವಾದವನ್ನು ಖಂಡಿಸುತ್ತ ಎತ್ತಿದ ಪ್ರಶ್ನೆಗಳನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಕರುಣೆಯಿಂದ ಸೃಷ್ಟಿಸಿದನಾದರೆ ಲೋಕವನ್ನು ಪೂರ್ತಿ ಸುಖಮಯವಾಗಿ ಏಕೆ ಮಾಡಲಿಲ್ಲ? ಕರ್ಮಕ್ಕೆ ತಕ್ಕಂತೆ ಮಾಡುವವನಾದರೆ ಅವನು ನೇಕಾರನಂತೆ ಪರತಂತ್ರನಾಗುತ್ತಾನೆ, ಈಶ್ವರನೆಂದು ಹೇಗೆ ಕರೆಯುವುದು? ಮೊದಲ ಪ್ರಶ್ನೆ ಒಳ್ಳೆಯತನದ ಬಗ್ಗೆ, ಎರಡನೆಯದು ಸರ್ವಶಕ್ತಿಯ ಬಗ್ಗೆ. ಮ್ಯಾಕಿಯ ಇಕ್ಕಳದ ಎರಡು ಬಾಯಿಗಳೂ ಇವೇ.

ಜೈನದರ್ಶನ ಸೃಷ್ಟಿಕರ್ತನನ್ನೇ ಒಪ್ಪದ್ದರಿಂದ ತಾರ್ಕಿಕ ಸಮಸ್ಯೆ ಅಲ್ಲಿ ಹುಟ್ಟುವುದಿಲ್ಲ. ಇಷ್ಟಕ್ಕೇ ಸಮಾಧಾನಗೊಂಡಿದ್ದು ನನ್ನ ತಪ್ಪು. ದೇವರನ್ನು ತೆಗೆದರೂ ಸಾಕ್ಷ್ಯದ ಸಮಸ್ಯೆ ಬಾಗಿಲಾಚೆಯೇ ಕಾದು ನಿಂತಿರುತ್ತದೆ. ಹುಡುಗಿಯ ಮಾತಿನ ಮೊನೆಯೂ ಅದೇ: ಹಲ್ಲಿನ ಮಚ್ಚೆಗಳು ಹಂಚಿಕೆಯಾದದ್ದು ಪುಣ್ಯಪಾಪಗಳ ಗಡಿಯಂತಲ್ಲ, ಶಿಲೆ ಮತ್ತು ಕೊಳವೆಬಾವಿಗಳ ಗಡಿಯಂತೆ. ಅಂಥ ಊರಿನಲ್ಲಿ ಹುಟ್ಟಿದ್ದೇ ಕರ್ಮವಶಾತ್, ನೀರು ನಿಮಿತ್ತ ಮಾತ್ರ ಎಂದು ಉತ್ತರಿಸಬಹುದು. ಅದು ಸಿದ್ಧಾಂತಕ್ಕೆ ವಿರುದ್ಧವಲ್ಲ. ಆದರೆ ನಾಳೆ ಊರಿಗೆ ಒಳ್ಳೆಯ ನೀರು ಬಂದು ಮುಂದಿನ ಮಕ್ಕಳ ಹಲ್ಲು ಬೆಳ್ಳಗಾದರೆ, ಈಗ ಪುಣ್ಯವಂತರು ಹುಟ್ಟುತ್ತಿದ್ದಾರೆ ಎಂದೂ ಅಷ್ಟೇ ಸುಲಭವಾಗಿ ಹೇಳಬಹುದು. ಏನಾದರೂ ಹೊಂದಿಕೊಳ್ಳುವ ವಿವರಣೆಯನ್ನು ಸಾಕ್ಷ್ಯದ ಕಟಕಟೆಯಲ್ಲಿ ನಿಲ್ಲಿಸಲಾಗದು.

ಹಾಗಾದರೆ ಕರ್ಮತತ್ತ್ವ ಏನನ್ನು ಹೇಳುತ್ತಿದೆ? ಮತ್ತೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯಕ್ಕೆ ಹೋದೆ. ದುಃಖವನ್ನು ಅನುಭವಕ್ಕೆ ತರುವ ಅಸಾತಾವೇದನೀಯ ಕರ್ಮ ಹೇಗೆ ಬರುತ್ತದೆಂದು ಅಲ್ಲಿ ಹೇಳಿದೆ: ತನಗಾಗಲಿ ಪರರಿಗಾಗಲಿ ನೋವು, ಶೋಕ, ಸಂತಾಪಗಳನ್ನು ಉಂಟುಮಾಡುವುದರಿಂದ. ಜೀವಿಗಳಲ್ಲಿ ಅನುಕಂಪೆ, ದಾನ ಮೊದಲಾದವು ಅದರ ವಿರುದ್ಧ ದಿಕ್ಕಿನವು. ಈ ಸೂತ್ರಗಳು ಕರ್ಮ ಒಳಬರುವ ಬಾಗಿಲನ್ನು ಕುರಿತವು. ಮಾಡುವವನು ತನಗೆ ತಾನೇ ಓದಿಕೊಳ್ಳಬೇಕಾದ ಮಾತುಗಳು ಅವು. ನೋಡುವವನು ಇನ್ನೊಬ್ಬರ ಬಾಯಿ ತೆರೆಸಿ ಹಲ್ಲಿನ ಮೇಲೆ ಓದುವ ತೀರ್ಪಲ್ಲ. ನೊಂದವಳಿಗೆ ‘ಇದು ನಿನ್ನ ಫಲ’ ಎಂದವನು ಅವಳಿಗೆ ಶೋಕವನ್ನುಂಟುಮಾಡಿದ. ಆ ಸೂತ್ರದ ಪ್ರಕಾರ ಅಂದು ತರಗತಿಯಲ್ಲಿ ಕರ್ಮ ಕಟ್ಟಿಕೊಂಡವನು ನಾನು.

ಜನ್ನನ ಕಾವ್ಯದಲ್ಲೂ ಇದನ್ನು ಗಮನಿಸಬಹುದು. ಅಲ್ಲಿ ಭವಾವಳಿಯನ್ನು ಹೇಳುವವನು ಆ ನೋವನ್ನು ಉಂಡ ಜೀವವೇ, ಅಭಯರುಚಿ. ಅವನು ತನ್ನ ಕಥೆಯನ್ನು ಹೇಳುವುದು ಬಲಿಗೆ ಸಿದ್ಧನಾದ ಮಾರಿದತ್ತನ ಕತ್ತಿಯನ್ನು ತಡೆಯಲು. ನಾನು ಆ ಕಥೆಯನ್ನು ತಡೆಯುವ ಕಡೆಯಿಂದ ಬಿಡಿಸಿ ವಿವರಿಸುವ ಕಡೆಗೆ ತಿರುಗಿಸಿದ್ದೆ.

ಆ ವಾರವೇ ತರಗತಿಯಲ್ಲಿ ನನ್ನ ಮಾತನ್ನು ಹಿಂತೆಗೆದುಕೊಂಡೆ. ಅವಳ ಊರಿನ ನೀರಿನಲ್ಲಿ ಇರುವುದೇನು, ಕುದಿಸಿದರೆ ಏಕೆ ಹೋಗದು ಎಂಬುದನ್ನೂ ಹೇಳಿದೆ. ಕನ್ನಡ ಮೇಷ್ಟರ ಬಾಯಲ್ಲಿ ಫ್ಲೋರೈಡ್ ಕೇಳಿ ಹಿಂದಿನ ಬೆಂಚಿನವರು ನಕ್ಕರು. ಅವಳೂ ನಕ್ಕಳು, ಕೈ ಅಡ್ಡ ಹಿಡಿದುಕೊಂಡೇ. ಕೇಡು ಏಕಿದೆ ಎಂಬ ಪ್ರಶ್ನೆಗೆ ಉತ್ತರ ನನ್ನಲ್ಲಿ ಇಂದಿಗೂ ಇಲ್ಲ. ಈಗ ಆ ಭಾಗದ ಪಾಠಕ್ಕೆ ಬಂದಾಗಲೆಲ್ಲ ನಾನು ಮೊದಲು ಹೇಳುವುದು ಅವಳ ಪ್ರಶ್ನೆಯನ್ನು. ಜನ್ನ ಆಮೇಲೆ ಬರುತ್ತಾನೆ.