ಉಂಗುರ ಯಾರ ಬೆರಳಿಗೆ?

ಪ್ರಣಯಕಥೆಯ ನಡೆ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಇಬ್ಬರು ಸಂಧಿಸುತ್ತಾರೆ, ಮನಸ್ಸು ಕೂಡುತ್ತದೆ, ವಿಘ್ನವೊಂದು ಬಂದು ಅಗಲಿಸುತ್ತದೆ, ಕಡೆಗೆ ಮಿಲನವಾಗುತ್ತದೆ. ನಾಟಕದ ಕಥೆ ಹೀಗೆ ಬೆಳೆದು ಮುಗಿಯುವ ಹಂತಗಳಿಗೆ ನಾಟ್ಯಶಾಸ್ತ್ರವು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳ ಹೆಸರನ್ನಿಟ್ಟಿದೆ. ಕೊನೆ ಸುಖಾಂತವೆಂದು ಮೊದಲೇ ತಿಳಿದಿರುವಾಗ ಪ್ರೇಕ್ಷಕನು ಕಾತರದಿಂದ ಕಾಯುವುದೇತಕ್ಕೆ? ಸೊಲ್ಲಾಪುರ ಸೀಮೆಯಲ್ಲಿ ಶಾಕುಂತಲದ ಕಥೆಯನ್ನು ಮಕ್ಕಳಿಗೆ ಹೇಳುತ್ತಿದ್ದ ವರ್ಷಗಳಲ್ಲಿ ಈ ಪ್ರಶ್ನೆ ನಮ್ಮ ಬೆನ್ನು ಬಿಡಲಿಲ್ಲ. ಈ ಕಥೆ ನಮ್ಮ ಕಡೆಯವರಿಗೆ ಎರಡು ಬಾಗಿಲುಗಳಿಂದ ಬಂದಿದೆ: ಒಂದು ಬಸವಪ್ಪಶಾಸ್ತ್ರಿಗಳ ಕನ್ನಡ, ಇನ್ನೊಂದು, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ರಂಗಕ್ಕೆ ತಂದ ಮರಾಠಿ ಸಂಗೀತ ನಾಟಕ.

ಮೂಲ ಮಹಾಭಾರತದ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಮಗನೊಡನೆ ಬಂದ ಶಕುಂತಲೆಯನ್ನು ದುಷ್ಯಂತನು ಗುರುತಿಸಿಯೂ ಅಲ್ಲಗಳೆಯುತ್ತಾನೆ. ಅಶರೀರವಾಣಿ ನುಡಿದ ಮೇಲೆ, ತನಗೆಲ್ಲವೂ ತಿಳಿದಿತ್ತು, ಜನರು ಸಂಶಯಪಟ್ಟಾರೆಂದು ಹಾಗೆ ಮಾಡಿದೆನೆಂದು ಸಮಜಾಯಿಷಿ ಕೊಡುತ್ತಾನೆ. ಇದನ್ನು ಹೇಳಿದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, “ಸರ್, ಗೊತ್ತಿದ್ದೂ ಗೊತ್ತಿಲ್ಲ ಅಂದವನ ಜೋಡಿ ಆಕಿ ಹೆಂಗ ಬಾಳ್ವೆ ಮಾಡಬೇಕ್ರೀ?” ಎಂದು ಕೇಳಿದಳು. ಕಾಳಿದಾಸನನ್ನೂ ಕಾಡಿದ್ದು ಇದೇ ಪ್ರಶ್ನೆಯಿರಬೇಕೆಂದು ನಮ್ಮ ಊಹೆ.

ಅವನು ವಿಘ್ನವನ್ನು ಹೊರಗಿನಿಂದ ತಂದು ಸುರಿಯುವುದಿಲ್ಲ. ಮೊದಲ ಭೇಟಿಯಲ್ಲಿಯೇ ಬಿತ್ತುತ್ತಾನೆ. ರಾಜನು ಆಶ್ರಮವನ್ನು ಹೊಗುವಾಗ ಕಣ್ವರು ಅಲ್ಲಿಲ್ಲ. ಮಗಳಿಗೆ ಒದಗಿರುವ ಪ್ರತಿಕೂಲ ದೈವವನ್ನು ಶಮನಗೊಳಿಸಲು ಸೋಮತೀರ್ಥಕ್ಕೆ ಹೋಗಿದ್ದಾರೆ. ಗಿಡಗಳಿಗೆ ನೀರೆರೆಯುವ ಬಾಕಿಯಿಂದ ಶಕುಂತಲೆಯನ್ನು ಬಿಡಿಸುವ ನೆಪದಲ್ಲಿ ರಾಜನು ತನ್ನ ಮುದ್ರೆಯುಂಗುರವನ್ನು ಮುಂದೊಡ್ಡುವುದೂ ಆ ಅಂಕದಲ್ಲಿಯೇ. ಎರಡನೆಯ ಅಂಕದಲ್ಲಿ ವಿದೂಷಕನನ್ನು ರಾಜಧಾನಿಗೆ ಕಳುಹಿಸುವಾಗ, ಅವನು ಅಂತಃಪುರದಲ್ಲಿ ಬಾಯಿಬಿಟ್ಟಾನೆಂಬ ಅಂಜಿಕೆಯಿಂದ, ತಾನು ಹೇಳಿದ ಪ್ರೇಮವೆಲ್ಲ ಪರಿಹಾಸವೆಂದು ರಾಜನು ತೇಲಿಸಿಬಿಡುತ್ತಾನೆ. ಇದು ಎಷ್ಟು ಸಣ್ಣ ಸುಳ್ಳು! ಮುಂದೆ ಅವನಿಗೆ ನೆನಪು ಮಾಡಿಕೊಡಬಲ್ಲ ಏಕೈಕ ಗೆಳೆಯನ ಬಾಯಿಯನ್ನು ಕಟ್ಟಿಹಾಕಿದ್ದು ಅದೇ. ಶಾಪವು ನೆನಪನ್ನು ಅಳಿಸಿತು, ನಿಜ; ಸಾಕ್ಷಿಯನ್ನು ಅಳಿಸಿದವನು ರಾಜನೇ.

ಶಾಪದ ಸಂಗತಿಯೂ ಹಾಗೆಯೇ. ದೂರ್ವಾಸರು ಬಂದುದನ್ನು ಶಕುಂತಲೆ ಕೇಳಿಸಿಕೊಳ್ಳದಿದ್ದುದು ಪ್ರಿಯನ ಚಿಂತೆಯಲ್ಲಿ ಮುಳುಗಿದ್ದರಿಂದ. ಗುರುತಿನ ಆಭರಣ ಕಂಡೊಡನೆ ಶಾಪ ನೀಗುವುದೆಂಬ ಪರಿಹಾರವನ್ನು ಸಖಿಯರು ಪಡೆಯುತ್ತಾರೆ. ಆದರೆ ಕೋಮಲೆಯಾದ ಅವಳು ನೊಂದಾಳೆಂದು ವಿಷಯವನ್ನೇ ಮುಚ್ಚಿಡುತ್ತಾರೆ. ಹೊರಡುವಾಗ ಹೇಳುವುದು ಇಷ್ಟೇ: ರಾಜನು ಗುರುತಿಸಲು ತಡಮಾಡಿದರೆ ಉಂಗುರವನ್ನು ತೋರಿಸು. ಅದರ ಬೆಲೆ ತಿಳಿಯದವಳ ಬೆರಳಿನಿಂದ ಅದು ಶಚೀತೀರ್ಥದ ನೀರಿಗೆ ಜಾರುತ್ತದೆ. ಪ್ರೇಮ, ಸ್ನೇಹ, ಮರೆಮಾಚುವಿಕೆ — ಕಥೆಯನ್ನು ಕಟ್ಟಿದ ಎಳೆಗಳೇ ಕೊರಳಿಗೆ ಉರುಳಾಗುತ್ತವೆ. ನಮ್ಮ ಮನೆಯ ದೂರದರ್ಶನದಲ್ಲಿ ಅಪಘಾತ, ಅಪಹರಣಗಳಿಂದ ವರ್ಷಗಟ್ಟಲೆ ಎಳೆಯುವ ಧಾರಾವಾಹಿಗಳಿಗೂ ಇದಕ್ಕೂ ಇರುವ ಅಂತರ ಇಲ್ಲಿದೆ.

ಐದನೆಯ ಅಂಕದ ತಿರಸ್ಕಾರವನ್ನು ಬಲ್ಲದವರಿಲ್ಲ. ಆರನೆಯದರಲ್ಲಿ ಮೀನಿನ ಹೊಟ್ಟೆಯಲ್ಲಿ ಸಿಕ್ಕ ಉಂಗುರವು ಬೆಸ್ತನ ಕೈಯಿಂದ ಅರಮನೆಗೆ ಬರುತ್ತದೆ, ನೆನಪು ಮರಳುತ್ತದೆ. ಅವಸರದ ಕವಿ ಅಲ್ಲಿಗೇ ಮಿಲನವನ್ನು ತಂದುಬಿಡುತ್ತಿದ್ದ. ಕಾಳಿದಾಸನು ಒಂದು ಇಡೀ ಅಂಕವನ್ನು ಪಶ್ಚಾತ್ತಾಪಕ್ಕೆ ಮೀಸಲಿಡುತ್ತಾನೆ. ರಾಜನು ವಸಂತೋತ್ಸವವನ್ನು ನಿಲ್ಲಿಸುತ್ತಾನೆ, ಅವಳ ಚಿತ್ರವನ್ನು ಬರೆದು ಅದರೆದುರು ಅಳುತ್ತಾನೆ.

ಏಳನೆಯ ಅಂಕದ ಮಾರೀಚಾಶ್ರಮದಲ್ಲಿ ನಾವು ಮಕ್ಕಳನ್ನು ಬೇಕೆಂದೇ ನಿಧಾನವಾಗಿ ನಡೆಸುತ್ತಿದ್ದೆವು. ಒಂದೇ ಜಡೆಯ, ಮಾಸಿದ ಸೀರೆಯ ಶಕುಂತಲೆಯೆದುರು ರಾಜನು ಕಾಲಿಗೆರಗುತ್ತಾನೆ. ಅವಳು ದೂರುವುದಿಲ್ಲ, ತನ್ನ ಪೂರ್ವಕರ್ಮದ ಫಲವೆನ್ನುತ್ತಾಳೆ. ಗಮನಿಸಬೇಕಾದುದು ಅನುಕ್ರಮ. ಶಾಪವಿತ್ತೆಂಬುದು ಆಗ ಇಬ್ಬರಿಗೂ ತಿಳಿಯದು. ಮಾರೀಚರು ಅದನ್ನು ತಿಳಿಸುವುದು ಮಿಲನವಾದ ಮೇಲೆ. ಅಂದರೆ ಕ್ಷಮೆ ಮೊದಲು ಬಂದಿತು, ಕಾರಣ ಆಮೇಲೆ. ಕಾರಣವೇ ಮೊದಲು ತಿಳಿದಿದ್ದರೆ ಕ್ಷಮಿಸಲು ಏನು ಉಳಿಯುತ್ತಿತ್ತು?

ಇಷ್ಟಾದರೂ ಕವಿ ಆ ಹುಡುಗಿಯ ಪ್ರಶ್ನೆಯನ್ನು ಪೂರ್ತಿ ಮುಚ್ಚಿಹಾಕಿಲ್ಲ. ರಾಜನು ಉಂಗುರವನ್ನು ಮರಳಿ ತೊಡಿಸಲು ಬಂದಾಗ ಶಕುಂತಲೆ ಒಲ್ಲೆನೆನ್ನುತ್ತಾಳೆ: ಇದರ ಮೇಲೆ ತನಗೆ ನಂಬಿಕೆಯಿಲ್ಲ, ಆರ್ಯಪುತ್ರನೇ ಧರಿಸಲಿ. ಮರುದಿನ ನಾವು ಈ ಭಾಗವನ್ನು ಓದಿ ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಂಗುರದ ಮ್ಯಾಲೆ ಅಷ್ಟೇ ಏನ್ರೀ ಸರ್?” ಎಂದಳು.